ಚರ್ಚಿಸಿದ್ದಾಯಿತು, ಕಂಡುಕೊಂಡದ್ದೇನು?

ಪಿಎಚ್.ಡಿ. ಮಹಾಪ್ರಬಂಧವನ್ನು ಒಂದೇ ಕೂರಿಗೆ ಓದಿ ಮುಗಿಸುವವರು ಇಲ್ಲವೆಂದೇ ಹೇಳಬೇಕು. ಅದನ್ನು ಅಳೆಯಬೇಕಾದ ಪರೀಕ್ಷಕರೂ ಪಾಠ, ಸಭೆ, ಮೌಲ್ಯಮಾಪನಗಳ ನಡುವೆ ಬಿಡುವು ಸಿಕ್ಕಾಗ ಒಂದೊಂದು ಅಧ್ಯಾಯ ಓದುತ್ತಾರೆ. ಮೂರನೆಯ ಅಧ್ಯಾಯ ಮುಗಿಸಿ ಮಡಚಿಟ್ಟದ್ದನ್ನು ವಾರ ಕಳೆದು ನಾಲ್ಕನೆಯದಕ್ಕಾಗಿ ತೆರೆಯುವುದೂ ಉಂಟು. ಆಸ್ಟ್ರೇಲಿಯಾದ ಜೆರ್ರಿ ಮಲಿನ್ಸ್ ಮತ್ತು ಮಾರ್ಗರೆಟ್ ಕೈಲಿ 30 ಮಂದಿ ಅನುಭವಿ ಪರೀಕ್ಷಕರನ್ನು ಮಾತನಾಡಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಬಂಧವನ್ನು ಓದುವುದು ಸಂತೋಷದ ಕೆಲಸವೋ ಪ್ರಯಾಸದ ಕೆಲಸವೋ ಎಂಬುದು ಈ ಪರೀಕ್ಷಕರಿಗೆ ಎರಡನೆಯ ಅಥವಾ ಮೂರನೆಯ ಅಧ್ಯಾಯದ ಹೊತ್ತಿಗೇ ತೀರ್ಮಾನವಾಗಿಬಿಡುತ್ತಿತ್ತು ಎಂದು ಅದರಲ್ಲಿ ಕಂಡುಬಂತು.

ಭಾರತದಲ್ಲಿ ಇನ್ನೊಂದು ಬಗೆಯ ಓದುಗರೂ ಇದ್ದಾರೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಸಾಮಾನ್ಯವಾಗಿ ಅಧ್ಯಾಯಕ್ಕೊಂದು ಕಡತದಂತೆ ಬಿಡಿಬಿಡಿಯಾಗಿ ಇರುತ್ತವೆ. ತನಗೆ ಬೇಕಾದ ಒಂದೇ ಅಧ್ಯಾಯವನ್ನು ಇಳಿಸಿಕೊಳ್ಳುವ ಸಂಶೋಧಕಿಗೆ ಹಿಂದಿನ ಅಧ್ಯಾಯವೂ ಕಣ್ಣಿಗೆ ಬಿದ್ದಿರುವುದಿಲ್ಲ, ಮುಂದಿನದೂ ಇರುವುದಿಲ್ಲ.

ಈ ಇಬ್ಬರೂ ಅಧ್ಯಾಯದ ಕೊನೆಯ ಅರ್ಧ ಪುಟಕ್ಕೆ ಬರುತ್ತಾರೆ. ಇಷ್ಟು ಹೊತ್ತು ಓದಿದ್ದರಿಂದ ತಿಳಿದದ್ದೇನು, ಅದು ಇನ್ನು ಎತ್ತ ಕರೆದೊಯ್ಯುತ್ತದೆ ಎಂದು ಅವರು ಅಲ್ಲಿ ಹುಡುಕುತ್ತಾರೆ. ಹೆಚ್ಚಿನ ಪ್ರಬಂಧಗಳಲ್ಲಿ ಅವರಿಗೆ ಸಿಗುವುದು ಬೇರೆಯೇ.

ಒಂದು ಮಾದರಿಯನ್ನು ಕೈಗೆತ್ತಿಕೊಂಡರೆ ವಿಷಯ ತಿಳಿಯಾಗುತ್ತದೆ. ಕೋಲಾರ ಜಿಲ್ಲೆಯ ಕೆರೆ ನೀರಾವರಿಯ ಬಗ್ಗೆ ಒಂದು ಮಹಾಪ್ರಬಂಧವಿದೆ ಎಂದುಕೊಳ್ಳೋಣ. ಅದರ ಮೂರನೆಯ ಅಧ್ಯಾಯ ನೀರುಗಂಟಿಗಳ ಕುರಿತದ್ದು. ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದವರು ನೀರುಗಂಟಿಗಳು. ಸುಗ್ಗಿಯಲ್ಲಿ ರೈತರು ಅವರಿಗೆ ಧಾನ್ಯದ ರೂಪದಲ್ಲಿ ಆಯ ಕೊಡುತ್ತಿದ್ದರು. ನೀರುಗಂಟಿಯೂ ಆಯವೂ ಹಳೆ ಮೈಸೂರಿನ ನಿಜ ಸಂಗತಿಗಳು. ಆದರೆ ಈ ಪ್ರಬಂಧ, ಅದರ ಕೆರೆಗಳ ಲೆಕ್ಕ ಮತ್ತು ಫಲಿತ ತಿದ್ದುವ ಕ್ರಮವನ್ನು ತೋರಿಸಲೆಂದೇ ಇಲ್ಲಿ ಕಟ್ಟಿಕೊಂಡವು. ಆ ಅಧ್ಯಾಯದ ಕೊನೆ ಕರಡಿನಲ್ಲಿ ಹೀಗಿದೆ:

“ಈ ಅಧ್ಯಾಯದಲ್ಲಿ ಕೋಲಾರ ಜಿಲ್ಲೆಯ ಕೆರೆಗಳ ನೀರು ಹಂಚಿಕೆಯಲ್ಲಿ ನೀರುಗಂಟಿಗಳ ಪಾತ್ರವನ್ನು ಕುರಿತು ವಿವರವಾಗಿ ಚರ್ಚಿಸಲಾಗಿದೆ. ಅವರ ಕೆಲಸದ ಸ್ವರೂಪ, ಅವರಿಗೆ ದೊರೆಯುತ್ತಿದ್ದ ಆಯ ಹಾಗೂ ಈ ವ್ಯವಸ್ಥೆಯ ಅವನತಿಗೆ ಕಾರಣವಾದ ಅಂಶಗಳನ್ನು ವಿಶ್ಲೇಷಿಸಲಾಗಿದೆ. ಕ್ಷೇತ್ರಕಾರ್ಯದಿಂದ ಅನೇಕ ಮಹತ್ವದ ಸಂಗತಿಗಳು ಬೆಳಕಿಗೆ ಬಂದಿವೆ. ಒಟ್ಟಾರೆಯಾಗಿ ನೀರುಗಂಟಿ ವ್ಯವಸ್ಥೆಯು ನಮ್ಮ ಗ್ರಾಮೀಣ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿತ್ತೆಂದು ಹೇಳಬಹುದು. ಮುಂದಿನ ಅಧ್ಯಾಯದಲ್ಲಿ ಕೊಳವೆಬಾವಿಗಳನ್ನು ಕುರಿತು ಅಧ್ಯಯನ ಮಾಡಲಾಗುವುದು.”

ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೂ ಇದು ಕೈಕೊಡುತ್ತದೆ. ಇದನ್ನು ಪತ್ತೆ ಮಾಡಲು ಒಂದು ಪ್ರಶ್ನೆ ಸಾಕು: ಸಂಶೋಧಕ ಊರುಗಳಿಗೆ ಹೋಗುವ ಮೊದಲೇ ಈ ಸಾಲುಗಳನ್ನು ಬರೆಯಬಹುದಿತ್ತೇ? ಖಂಡಿತ ಬರೆಯಬಹುದಿತ್ತು. ಪ್ರಬಂಧದ ಯೋಜನೆಯನ್ನು ವಿಭಾಗಕ್ಕೆ ಒಪ್ಪಿಸುವಾಗ “ಚರ್ಚಿಸಲಾಗುವುದು” ಎಂದಿದ್ದದ್ದು ಇಲ್ಲಿ “ಚರ್ಚಿಸಲಾಗಿದೆ” ಎಂದಾಗಿದೆ, ಅಷ್ಟೇ. ನಡುವೆ ನಡೆದ ವರ್ಷಗಳ ದುಡಿಮೆಯ ಒಂದು ಕುರುಹೂ ಇದರಲ್ಲಿಲ್ಲ. ಅನೇಕ ಸಂಗತಿಗಳು ಬೆಳಕಿಗೆ ಬಂದಿವೆ ಎನ್ನುವ ವಾಕ್ಯ ಅವುಗಳಲ್ಲಿ ಒಂದನ್ನಾದರೂ ಹೇಳಬೇಕಿತ್ತು. ಅವಿಭಾಜ್ಯ ಅಂಗ ಎಂಬ ಮಾತನ್ನು ಜಾತ್ರೆಗೆ, ಸಂತೆಗೆ, ಸೋಬಾನೆ ಪದಕ್ಕೆ, ಯಾವುದಕ್ಕೆ ಹಚ್ಚಿದರೂ ಕೂರುತ್ತದೆ.

ತಿದ್ದುಪಡಿ ಶುರುವಾಗಬೇಕಾದ್ದು ಈ ಪ್ಯಾರಾದಿಂದಲ್ಲ. ಅಧ್ಯಾಯವನ್ನು ಪೂರ್ತಿ ಮುಚ್ಚಿಟ್ಟು, ಬಿಳಿ ಹಾಳೆಯಲ್ಲಿ ಒಂದೇ ವಾಕ್ಯ ಬರೆಯಬೇಕು: ಈ ಅಧ್ಯಾಯದಿಂದ ಹೊಸದಾಗಿ ತಿಳಿದದ್ದು ಇಂಥದ್ದು. “ನೀರುಗಂಟಿಗಳ ಪಾತ್ರ” ಎಂದು ಬರೆದರೆ ಅದು ವಿಷಯದ ಹೆಸರು, ತಿಳಿದ ಸಂಗತಿಯಲ್ಲ. ಒಬ್ಬರು ಒಪ್ಪಬಹುದಾದ, ಇನ್ನೊಬ್ಬರು ಅಲ್ಲವೆಂದು ವಾದಿಸಬಹುದಾದ ವಾಕ್ಯ ಬರಬೇಕು. ನಮ್ಮ ಮಾದರಿಯ ಸಂಶೋಧಕ ಸ್ವಲ್ಪ ಹೊತ್ತು ಯೋಚಿಸಿ ಬರೆದದ್ದು ಹೀಗೆ: “ಕೆರೆ ಬತ್ತಿದ್ದರಿಂದ ನೀರುಗಂಟಿ ಹೋದ ಎನ್ನುತ್ತಾರೆ, ಹೆಚ್ಚಿನ ಕಡೆ ಕೆರೆ ಬತ್ತುವ ಮೊದಲೇ, ಆಯ ನಿಂತಾಗಲೇ ಹೋಗಿದ್ದಾನೆ.”

ಇಷ್ಟು ಸ್ಪಷ್ಟವಾದ ಮಾತು ಅಧ್ಯಾಯದ ನಡುವೆ ಎಲ್ಲೋ ಒಂದು ಕೋಷ್ಟಕದ ಕೆಳಗೆ ಕುಳಿತಿತ್ತು, ಕೊನೆಗೆ ಬಂದಿರಲಿಲ್ಲ. ತಿದ್ದುವವರು ಪದೇ ಪದೇ ಎದುರಿಸುವ ಪರಿಸ್ಥಿತಿ ಇದು. ಸಂಶೋಧಕನ ಬಾಯಲ್ಲಿ ಇರುವುದು ಅವನ ಸಮಾರೋಪದಲ್ಲಿ ಇರುವುದಿಲ್ಲ. ಬರೆಯಲು ಕೂತಾಗ ಗಾಂಭೀರ್ಯಕ್ಕಾಗಿ “-ಲಾಗಿದೆ” ಎಂಬ ರೂಪಕ್ಕೆ ಕೈ ಹೋಗುತ್ತದೆ, ಆ ರೂಪ ಮಾಡಿದ ಕೆಲಸವನ್ನು ಹೇಳುತ್ತದೆಯೇ ಹೊರತು ಆ ಕೆಲಸದಿಂದ ಸಿಕ್ಕಿದ್ದನ್ನು ಹೇಳುವುದಿಲ್ಲ. ಹಾಗಾಗಿ ಕರಡಿನಲ್ಲಿ ಚರ್ಚಿಸಲಾಗಿದೆ, ವಿಶ್ಲೇಷಿಸಲಾಗಿದೆ, ಅವಲೋಕಿಸಲಾಗಿದೆ ಎಂಬ ಕ್ರಿಯಾಪದಗಳಿಗೆಲ್ಲ ಕೆಂಪು ಗೆರೆ ಎಳೆದು, ಪ್ರತಿಯೊಂದರ ಪಕ್ಕದಲ್ಲೂ “ವಿಶ್ಲೇಷಿಸಿದಾಗ ಏನು ಕಂಡಿತು?” ಎಂದು ಕೇಳುತ್ತ ಹೋಗಬೇಕು. ಉತ್ತರ ಇದ್ದ ಕಡೆ ಕ್ರಿಯಾಪದವನ್ನು ಹೊಡೆದುಹಾಕಿ ಉತ್ತರವನ್ನೇ ಇಡಬೇಕು.

ಉತ್ತರ ಇಲ್ಲದಿದ್ದರೆ? ಆಗ ದೋಷ ಕೊನೆಯ ಪುಟದ್ದಲ್ಲ, ಅಧ್ಯಾಯದ್ದು. ಮೂವತ್ತು ಪುಟ ಮಾಹಿತಿ ತುಂಬಿದ್ದರೂ ಅದರಿಂದ ಏನನ್ನೂ ತೀರ್ಮಾನಿಸಿಲ್ಲ ಎಂದರ್ಥ. ಮಾರ್ಗದರ್ಶಕರಾಗಲಿ ಭಾಷೆ ತಿದ್ದಿಕೊಡುವವರಾಗಲಿ ಆ ತೀರ್ಮಾನವನ್ನು ತಾವೇ ಹೊಸೆದು ಸೇರಿಸಬಾರದು. ಅದು ಸಂಶೋಧಕರ ಕೆಲಸ, ಮೌಖಿಕ ಪರೀಕ್ಷೆಯಲ್ಲಿ ಅದನ್ನು ಸಮರ್ಥಿಸಬೇಕಾದವರೂ ಅವರೇ. ತಿದ್ದುವವರು ಅಂಚಿನಲ್ಲಿ ಪ್ರಶ್ನೆ ಬರೆದು ಹಿಂದಿರುಗಿಸುವುದೇ ಸರಿ.

ನಮ್ಮ ಸಂಶೋಧಕನ ಬಳಿ ಉತ್ತರವಿತ್ತು. ತಿದ್ದಿದ ನಂತರ ಅಧ್ಯಾಯದ ಕೊನೆ ಹೀಗಾಯಿತು:

“ಅಧ್ಯಯನಕ್ಕೆ ಆಯ್ದ 12 ಕೆರೆಗಳಲ್ಲಿ 9ರಲ್ಲಿ ಈಗ ನೀರುಗಂಟಿ ಇಲ್ಲ. ಕೆರೆ ಬತ್ತಿದ್ದರಿಂದ ನೀರುಗಂಟಿಯ ಕೆಲಸ ನಿಂತಿತು ಎಂಬ ವಿವರಣೆ ಇವುಗಳಲ್ಲಿ 3 ಕೆರೆಗಳಿಗೆ ಮಾತ್ರ ಹೊಂದುತ್ತದೆ. ಉಳಿದ 6ರಲ್ಲಿ ಕೆರೆಯಲ್ಲಿ ನೀರಿದ್ದಾಗಲೇ ರೈತರು ಆಯ ಕೊಡುವುದನ್ನು ನಿಲ್ಲಿಸಿದ್ದರು. ನೀರುಗಂಟಿ ಕೆಲಸ ಬಿಟ್ಟದ್ದು ಆ ಮೇಲೆ. ಈ ಮಾಹಿತಿ ಹಿರಿಯರ ನೆನಪನ್ನು ಆಧರಿಸಿದ್ದರಿಂದ ಇಸವಿಗಳನ್ನು ಖಚಿತವಾಗಿ ಹೇಳಲಾಗದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಆರೂ ಊರುಗಳ ಹೇಳಿಕೆಗಳು ಹೊಂದುತ್ತವೆ.

“ಹಾಗಾದರೆ ಕೆರೆಯಲ್ಲಿ ನೀರಿದ್ದೂ ರೈತರು ಆಯ ನಿಲ್ಲಿಸಿದ್ದೇಕೆ? ಮೊದಲು ನಿಲ್ಲಿಸಿದವರಲ್ಲಿ ಹೆಚ್ಚಿನವರು ಅಚ್ಚುಕಟ್ಟಿನೊಳಗೇ ಕೊಳವೆಬಾವಿ ಕೊರೆಸಿಕೊಂಡವರು. ತೂಬಿನ ನೀರಿನ ಹಂಗು ತಪ್ಪಿದ್ದೇ ಇದಕ್ಕೆ ಕಾರಣವೇ ಎಂಬುದನ್ನು ಮುಂದಿನ ಅಧ್ಯಾಯವು ಕೊಳವೆಬಾವಿಗಳು ಬಂದ ಕಾಲ ಮತ್ತು ಸ್ಥಳಗಳನ್ನು ಹಿಡಿದು ಪರೀಕ್ಷಿಸುತ್ತದೆ.”

ಉದ್ದ ಹೆಚ್ಚಿದೆ, ಆದರೂ ಎರಡು ಪ್ಯಾರಾಗಳಲ್ಲಿ ಕೆಲಸ ಮುಗಿದಿದೆ. ಕೆಲಸದ ಸ್ವರೂಪ, ಸರದಿಯ ಕ್ರಮ, ಆಯದ ಅಳತೆ ಇವೆಲ್ಲ ಅಧ್ಯಾಯದೊಳಗೆ ಇದ್ದರೂ ಇಲ್ಲಿಗೆ ಬಂದಿಲ್ಲ. ಒಂದೊಂದು ಉಪಶೀರ್ಷಿಕೆಗೆ ಒಂದೊಂದು ವಾಕ್ಯದಂತೆ ಹಂಚಿಕೊಡುವುದು ನ್ಯಾಯವೆಂದು ಹಲವು ಸಂಶೋಧಕರು ನಂಬುತ್ತಾರೆ. ಆದರೆ ಅಧ್ಯಾಯದ ಎಲ್ಲ ಭಾಗಗಳೂ ಸಮಾನವಲ್ಲ. ಹಿನ್ನೆಲೆ ಕೊಡುವ ಭಾಗಗಳು ಫಲಿತವನ್ನು ಹೊತ್ತು ನಿಲ್ಲಲಿಕ್ಕೆ ಇರುವವು, ಕೊನೆಯಲ್ಲಿ ಅವು ಹಿಂದೆ ಸರಿದರೆ ಫಲಿತ ಎದ್ದು ಕಾಣುತ್ತದೆ.

ತಿದ್ದಿದ ಕೊನೆಯಲ್ಲಿ ಇಸವಿಗಳನ್ನು ಖಚಿತವಾಗಿ ಹೇಳಲಾಗದು ಎಂಬ ವಾಕ್ಯ ಏಕೆ ಬೇಕಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ಅದನ್ನು ತೆಗೆದರೆ ಪ್ಯಾರಾ ಇನ್ನಷ್ಟು ಚುರುಕಾಗುತ್ತಿತ್ತಲ್ಲ! ಆದರೆ ಸಂಕ್ಷೇಪಿಸುವಾಗ ಮೊದಲು ಉದುರಿಹೋಗುವುದೇ ಇಂಥ ಮಿತಿಯ ಮಾತುಗಳು. ಅಧ್ಯಾಯದ ಒಳಗೆ “12 ಕೆರೆಗಳಲ್ಲಿ 6ರಲ್ಲಿ” ಎಂದಿದ್ದದ್ದು ಕೊನೆಗೆ ಬರುವಾಗ “ಹೆಚ್ಚಿನ ಕೆರೆಗಳಲ್ಲಿ” ಎಂದಾಗುತ್ತದೆ, ಮುಂದಿನ ಅಧ್ಯಾಯದ ಆರಂಭದಲ್ಲಿ “ಕೋಲಾರ ಜಿಲ್ಲೆಯಲ್ಲಿ” ಎಂದಾಗುತ್ತದೆ, ಉಪಸಂಹಾರದಲ್ಲಿ “ದಕ್ಷಿಣ ಕರ್ನಾಟಕದಲ್ಲಿ” ಎಂದು ಹಿಗ್ಗಿರುತ್ತದೆ. ಹಾಗೆಯೇ “ಸೂಚಿಸುತ್ತದೆ” ಎಂದಿದ್ದದ್ದು “ಸ್ಪಷ್ಟಪಡಿಸುತ್ತದೆ” ಆಗಿ, “ಸಾಬೀತುಪಡಿಸುತ್ತದೆ” ಆಗಿ ಬೆಳೆಯುತ್ತದೆ. ಬರೆದವರಿಗೆ ಇದು ಗೊತ್ತೇ ಆಗುವುದಿಲ್ಲ, ಒಂದೊಂದು ಹೆಜ್ಜೆಯೂ ಅಷ್ಟು ಚಿಕ್ಕದು. ಪತ್ತೆ ಹಚ್ಚುವ ದಾರಿ ಒಂದೇ: ಕೊನೆಯ ಪ್ಯಾರಾದ ಪ್ರತಿ ವಾಕ್ಯಕ್ಕೂ ಅಧ್ಯಾಯದೊಳಗೆ ಅದರ ಮೂಲ ಯಾವ ಪುಟದಲ್ಲಿದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು.

ಹೀಗೆ ಗುರುತು ಹಾಕುವಾಗ ಇನ್ನೊಂದು ಎಡವಟ್ಟೂ ಹೊರಬೀಳುತ್ತದೆ. ಕೆಲವು ವಾಕ್ಯಗಳಿಗೆ ಒಳಗೆ ಮೂಲವೇ ಇರುವುದಿಲ್ಲ. ಮಾದರಿಯಲ್ಲಿ, ಮೊದಲು ಆಯ ನಿಲ್ಲಿಸಿದವರು ಕೊಳವೆಬಾವಿ ಉಳ್ಳವರು ಎಂಬ ಮಾತು ಸಂಶೋಧಕನ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕದಲ್ಲಿ ಇದ್ದು, ಅಧ್ಯಾಯದಲ್ಲಿ ಎಲ್ಲೂ ಇಲ್ಲದಿದ್ದರೆ, ಅದನ್ನು ಕೊನೆಯಲ್ಲಿ ಇದ್ದಕ್ಕಿದ್ದಂತೆ ತರುವಂತಿಲ್ಲ. ಓದುಗರು ಅದಕ್ಕೆ ಆಧಾರ ಕೇಳುತ್ತಾರೆ, ಆಧಾರ ಕೊಡಲು ಅಲ್ಲಿ ಜಾಗವಿಲ್ಲ. ಮೊದಲು ಅಧ್ಯಾಯದೊಳಗೆ, ಆಯ ನಿಂತ ಕಥೆ ಬರುವ ಭಾಗದಲ್ಲಿ, ಯಾವ ಊರಿನಲ್ಲಿ ಎಷ್ಟು ಮಂದಿ ಹೀಗೆ ಹೇಳಿದರು ಎಂದು ದಾಖಲಿಸಿ, ಆಮೇಲೆ ಕೊನೆಯಲ್ಲಿ ಅದನ್ನು ನೆನಪಿಸಬೇಕು. ಕೊನೆಯ ಪ್ಯಾರಾದಲ್ಲಿ ಹೊಸ ಅಡಿಟಿಪ್ಪಣಿಯ ಸಂಖ್ಯೆಯೋ ಹೊಸ ವಿದ್ವಾಂಸರ ಹೆಸರೋ ಕಂಡರೆ, ಒಳಗಿರಬೇಕಾದದ್ದು ಇಲ್ಲಿಗೆ ಜಾರಿ ಬಂದಿದೆ ಎಂದು ಅನುಮಾನಿಸಬೇಕು.

ಇನ್ನು ಕೈ ದಾಟಿಸುವ ಮಾತು. ಕರಡಿನಲ್ಲಿ ಅದು ಒಂದೇ ಸಾಲು: ಮುಂದಿನ ಅಧ್ಯಾಯದಲ್ಲಿ ಕೊಳವೆಬಾವಿಗಳ ಅಧ್ಯಯನ. ಪರಿವಿಡಿಯನ್ನು ನೋಡಿದವರಿಗೆ ಅದು ಆಗಲೇ ಗೊತ್ತು. ನೀರುಗಂಟಿಗಳ ನಂತರ ಕೊಳವೆಬಾವಿಯೇ ಏಕೆ ಬರಬೇಕು, ಹೂಳು ಏಕಲ್ಲ, ಬೆಳೆ ಬದಲಾವಣೆ ಏಕಲ್ಲ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ ಏಕಲ್ಲ ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ. ಅಧ್ಯಾಯಗಳ ಕ್ರಮವನ್ನು ಸಮರ್ಥಿಸಬೇಕಾದ ಜಾಗ ಅದು.

ಆ ಸಮರ್ಥನೆ ಸಿಗುವುದು ಫಲಿತದ ಒಳಗೇ. ಪ್ರತಿಯೊಂದು ಫಲಿತವೂ ಏನನ್ನೋ ವಿವರಿಸಿ ಇನ್ನೇನನ್ನೋ ವಿವರಿಸದೆ ಉಳಿಸುತ್ತದೆ. ನೀರುಗಂಟಿ ಹೋದದ್ದು ಆಯ ನಿಂತದ್ದರಿಂದ ಎಂದು ಗೊತ್ತಾದ ಕೂಡಲೇ ಆಯ ನಿಂತದ್ದೇಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ತಿದ್ದುವವರು ಹುಡುಕಬೇಕಾದದ್ದು ಈ ಉಳಿಕೆಯನ್ನು. ಮುಂದಿನ ಅಧ್ಯಾಯದ ಶೀರ್ಷಿಕೆಯನ್ನು ಮುಚ್ಚಿಟ್ಟು ಈ ಪ್ಯಾರಾ ಓದಿದವರು ಮುಂದೆ ಏನು ಬರಬೇಕೆಂದು ಊಹಿಸಬಲ್ಲರಾದರೆ ದಾಟಿಸುವಿಕೆ ಸರಿಯಾಗಿದೆ. ಊಹಿಸಲಾಗದಿದ್ದರೆ ಒಂದೋ ಪ್ರಶ್ನೆಯನ್ನು ಸರಿಯಾಗಿ ಎತ್ತಿಲ್ಲ, ಅಥವಾ ಆ ಎರಡು ಅಧ್ಯಾಯಗಳಿಗೆ ನಿಜಕ್ಕೂ ನಂಟಿಲ್ಲ. ಎರಡನೆಯದಾದರೆ ಅಂದವಾದ ವಾಕ್ಯ ಹೆಣೆದು ನಂಟು ಹುಟ್ಟಿಸಲು ಹೋಗಬಾರದು, ಅಧ್ಯಾಯಗಳ ಕ್ರಮವನ್ನೇ ಮತ್ತೆ ನೋಡಬೇಕು.

ಪ್ರಶ್ನೆ ಎತ್ತುವುದೆಂದರೆ ಧಾರಾವಾಹಿಯ ಕಂತಿನ ಕೊನೆಯಂತೆ ಕುತೂಹಲ ಕೆರಳಿಸಿ ನಿಲ್ಲಿಸುವುದೂ ಅಲ್ಲ. ಮುಂದಿನ ಅಧ್ಯಾಯ ಯಾವ ಬಗೆಯ ಆಧಾರದಿಂದ ಉತ್ತರ ಹುಡುಕುತ್ತದೆ ಎಂಬ ಸುಳಿವು ಇರಬೇಕು. ಮಾದರಿಯಲ್ಲಿ “ಬಂದ ಕಾಲ ಮತ್ತು ಸ್ಥಳಗಳನ್ನು ಹಿಡಿದು” ಎಂಬ ನಾಲ್ಕಾರು ಪದಗಳು ಆ ಕೆಲಸ ಮಾಡುತ್ತವೆ. ಉತ್ತರವನ್ನೇ ಇಲ್ಲಿ ಹೇಳಿಬಿಡುವುದೂ ತರವಲ್ಲ, ಅದಕ್ಕಿನ್ನೂ ಆಧಾರ ಕೊಟ್ಟಿಲ್ಲ.

ಒಂದು ಕೈ ಚಾಚಿದ್ದನ್ನು ಇನ್ನೊಂದು ಕೈ ಹಿಡಿಯಬೇಕು. ನಮ್ಮ ಮಾದರಿಯ ನಾಲ್ಕನೆಯ ಅಧ್ಯಾಯ ಕರಡಿನಲ್ಲಿ ಭಾರತದಲ್ಲಿ ಅಂತರ್ಜಲ ಬಳಕೆಯ ಸುದೀರ್ಘ ಇತಿಹಾಸದಿಂದ ಶುರುವಾಗಿತ್ತು. ಆಯ ನಿಲ್ಲಿಸಿದವರು ಯಾಕೆ ನಿಲ್ಲಿಸಿದರು ಎಂದು ತಿಳಿಯಲು ಪುಟ ತಿರುಗಿಸಿದ ಓದುಗರು ಅಲ್ಲಿ ದಾರಿ ತಪ್ಪುತ್ತಾರೆ. ಇತಿಹಾಸ ಬೇಡವೆಂದಲ್ಲ, ಅದು ಎರಡನೆಯ ಪುಟಕ್ಕೆ ಹೋಗಲಿ. ಮೊದಲ ವಾಕ್ಯ ಪ್ರಶ್ನೆಯನ್ನು ಎತ್ತಿಕೊಳ್ಳಲಿ: ಆರು ಊರುಗಳ ಅಚ್ಚುಕಟ್ಟಿನಲ್ಲಿ ಕೊಳವೆಬಾವಿಗಳು ಯಾವಾಗ, ಯಾರ ಹೊಲದಲ್ಲಿ ಬಂದವು? ಹಿಂದಿನ ಅಧ್ಯಾಯದ ಸಾರಾಂಶವನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವೂ ಬೀಳುವುದಿಲ್ಲ. ಅನೇಕ ಪ್ರಬಂಧಗಳಲ್ಲಿ ಕೊನೆಯ ಪ್ಯಾರಾವೂ ಮುಂದಿನ ಮೊದಲ ಪ್ಯಾರಾವೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅಲ್ಲಿ ಎರಡನೆಯದನ್ನು ಒಂದು ವಾಕ್ಯಕ್ಕೆ ಇಳಿಸಿದರೆ ಸಾಕು.

ಚಾರ್ಲ್ಸ್ ಡಾರ್ವಿನ್ 1859ರ ‘ಆನ್ ದಿ ಒರಿಜಿನ್ ಆಫ್ ಸ್ಪೀಶೀಸ್’ ಗ್ರಂಥದಲ್ಲಿ ಇದನ್ನು ಮಾಡಿರುವ ರೀತಿ ನೋಡುವಂಥದ್ದು. ಮೂರನೆಯ ಅಧ್ಯಾಯ ಜೀವಿಗಳ ಉಳಿವಿನ ಹೋರಾಟದ ಕುರಿತದ್ದು. ನಾಲ್ಕನೆಯದು ಪ್ರಕೃತಿಯ ಆಯ್ಕೆಯ ಕುರಿತದ್ದು, ಇಡೀ ಗ್ರಂಥದ ಬೆನ್ನೆಲುಬು. ಆ ನಾಲ್ಕನೆಯ ಅಧ್ಯಾಯ ಒಂದು ಪ್ರಶ್ನೆಯಿಂದ ತೆರೆದುಕೊಳ್ಳುತ್ತದೆ: ಹಿಂದಿನ ಅಧ್ಯಾಯದಲ್ಲಿ ಕಂಡ ಹೋರಾಟ, ಜೀವಿಗಳಲ್ಲಿ ಕಾಣಿಸಿಕೊಳ್ಳುವ ಸಣ್ಣಪುಟ್ಟ ವ್ಯತ್ಯಾಸಗಳ ಮೇಲೆ ಹೇಗೆ ಕೆಲಸ ಮಾಡೀತು? ಹಿಂದಿನ ಅಧ್ಯಾಯಗಳ ಎರಡು ಸಂಗತಿಗಳು ಆ ಪ್ರಶ್ನೆಯಲ್ಲಿ ಮುಖಾಮುಖಿಯಾಗುತ್ತವೆ. ಗ್ರಂಥದ ಹಲವು ಅಧ್ಯಾಯಗಳ ಕೊನೆಯಲ್ಲಿ ಅವರು ಸಾರಾಂಶವನ್ನೂ ಇಟ್ಟಿದ್ದಾರೆ.

ಎಲ್ಲ ಅಧ್ಯಾಯಗಳಿಗೂ ಈ ಅಚ್ಚು ಹಾಗೇ ಹೊಂದುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪೂರ್ವ ಅಧ್ಯಯನಗಳ ಸಮೀಕ್ಷೆಯ ಅಧ್ಯಾಯಕ್ಕೆ ಕ್ಷೇತ್ರದ ಫಲಿತ ಇರುವುದಿಲ್ಲ. ಹಿಂದಿನವರು ಎಲ್ಲಿಯವರೆಗೆ ಬಂದು ನಿಂತಿದ್ದಾರೆ ಎಂಬ ತೀರ್ಮಾನವೇ ಅದರ ಫಲಿತ. ಕೆರೆಗಳ ಅವನತಿಗೆ ಹೂಳು ಮತ್ತು ಒತ್ತುವರಿಯನ್ನು ಅವರು ನೋಡಿದ್ದಾರೆ, ನೀರುಗಂಟಿಗೆ ಸಿಗುತ್ತಿದ್ದ ಪ್ರತಿಫಲವನ್ನು ನೋಡಿಲ್ಲ ಎಂದು ಅಲ್ಲಿ ಹೇಳಬಹುದಾದರೆ, ಮುಂದಿನ ಅಧ್ಯಾಯ ಯಾಕಿದೆ ಎಂಬುದಕ್ಕೆ ಅದೇ ಉತ್ತರ. ವಿಧಾನದ ಅಧ್ಯಾಯದ ಕೊನೆಯಲ್ಲಿ ಹೇಳಬೇಕಾದದ್ದು, ಈ ಬಗೆಯ ಸಂದರ್ಶನಗಳಿಂದ ಏನನ್ನು ನಂಬಬಹುದು, ಏನನ್ನು ನಂಬಲಾಗದು ಎಂಬುದು. ಪ್ರಕಟವಾದ ಲೇಖನಗಳನ್ನೇ ಅಧ್ಯಾಯಗಳಾಗಿ ಜೋಡಿಸುವ ಪ್ರಬಂಧಗಳಲ್ಲಿ ಸಮಸ್ಯೆ ಇನ್ನೂ ಗಟ್ಟಿ, ಏಕೆಂದರೆ ಪ್ರತಿ ಲೇಖನವೂ ತನ್ನಷ್ಟಕ್ಕೆ ಮುಗಿದಿರುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ ಅಂಥ ಪ್ರಬಂಧಗಳಲ್ಲಿ ಒಂದು ಲೇಖನದಿಂದ ಇನ್ನೊಂದಕ್ಕೆ ಒಯ್ಯುವ ಜೋಡಣೆಯ ಬರಹ ಇರಲೇಬೇಕೆಂದು ನಿಯಮ ಮಾಡಿದೆ.

ಎಲ್ಲ ಅಧ್ಯಾಯಗಳ ಕರಡು ಸಿದ್ಧವಾದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಪ್ರತಿ ಅಧ್ಯಾಯದ ಶೀರ್ಷಿಕೆ, ಕೊನೆಯ ಪ್ಯಾರಾಗಳು ಮತ್ತು ಮುಂದಿನ ಅಧ್ಯಾಯದ ಮೊದಲ ಪ್ಯಾರಾ, ಇಷ್ಟನ್ನು ಮಾತ್ರ ಬೇರೊಂದು ಕಡತಕ್ಕೆ ನಕಲಿಸಿಕೊಂಡು ಸಾಲಾಗಿ ಓದಬೇಕು. ಆರು ಅಧ್ಯಾಯದ ಪ್ರಬಂಧವೂ ಕೆಲವೇ ಪುಟಗಳಿಗೆ ಇಳಿಯುತ್ತದೆ, ವಾದ ಎಲ್ಲಿ ಹರಿದಿದೆ ಎಂಬುದು ಒಂದೇ ಓದಿನಲ್ಲಿ ಕಾಣುತ್ತದೆ. ಅಧ್ಯಾಯಗಳ ಜಾಗ ಬದಲಿಸಿದಾಗ ಉಳಿದುಹೋದ ಹಳೆಯ ಸಾಲುಗಳೂ ಸಿಕ್ಕಿಬೀಳುತ್ತವೆ. ಐದನೆಯದಾಗಿದ್ದ ಅಧ್ಯಾಯ ಈಗ ಮೂರನೆಯದಾಗಿದ್ದರೂ ಅದರ ಕೊನೆ ಇನ್ನೂ ಉಪಸಂಹಾರದತ್ತ ಕೈ ತೋರಿಸುತ್ತಿರುವುದು ಸಾಮಾನ್ಯ.

ಹೀಗಾಗಿ ಈ ಕೊನೆಯ ಪ್ಯಾರಾಗಳನ್ನು ಆಖೈರು ಮಾಡುವುದು ಮುಂದಿನ ಅಧ್ಯಾಯವನ್ನೂ ಬರೆದಾದ ಮೇಲೆಯೇ. ಮಾದರಿಯ ಸಂಶೋಧಕ ನಾಲ್ಕನೆಯ ಅಧ್ಯಾಯಕ್ಕಾಗಿ ಕೊಳವೆಬಾವಿಗಳ ಲೆಕ್ಕ ಹಾಕಿದಾಗ, ಆರು ಊರುಗಳ ಪೈಕಿ ಎರಡರಲ್ಲಿ ಆಯ ಮೊದಲು ನಿಂತು ಕೊಳವೆಬಾವಿ ಆಮೇಲೆ ಬಂದದ್ದು ಕಂಡಿತು ಎಂದುಕೊಳ್ಳಿ. ಮೂರನೆಯ ಅಧ್ಯಾಯದ ಕೊನೆಯಲ್ಲಿ ಕೊಳವೆಬಾವಿಯೇ ಕಾರಣವೆಂದು ಅವನು ಬರೆದಿದ್ದರೆ ಈಗ ಅದನ್ನು ಹೊಡೆದುಹಾಕಬೇಕಿತ್ತು. “ಕಾರಣವೇ” ಎಂದು ಕೇಳಿ ನಿಲ್ಲಿಸಿದ್ದರಿಂದ ಅಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ. ನಾಲ್ಕು ಊರುಗಳಿಗೆ ಹೌದು, ಎರಡಕ್ಕೆ ಅಲ್ಲ ಎಂದು ನಾಲ್ಕನೆಯ ಅಧ್ಯಾಯ ತನ್ನ ಕೊನೆಯಲ್ಲಿ ಹೇಳುತ್ತದೆ, ಆ ಎರಡು ಊರುಗಳಲ್ಲಿ ಏನಾಯಿತು ಎಂಬುದನ್ನು ಐದನೆಯದಕ್ಕೆ ಬಿಡುತ್ತದೆ.